ಚೈನ್ ರೂಲ್: ಮೊದಲು ಗೇರು ತೋರಿಸಬೇಕಾ, ಮೊದಲು dy/dx ಬರೆಯಬೇಕಾ?

ಲೆಕ್ಕದ ಟೀಚರ್, ಬಸವನಗುಡಿ

ಎಲ್ಲರಿಗೂ ನಮಸ್ಕಾರ. ನಾನು ಸೆಕೆಂಡ್ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಮುಂದಿನ ವಾರ ಚೈನ್ ರೂಲ್ ಶುರು. ಪ್ರತಿ ವರ್ಷ ಅದೇ ಕಥೆ. ಬೋರ್ಡ್ ಮೇಲೆ dy/dx = dy/du · du/dx ಅಂತ ಬರೆಯುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ, ಉರು ಹೊಡೆಯುತ್ತಾರೆ. ಮಾರನೇ ದಿನ sin(x²) ಕೊಟ್ಟರೆ ಅರ್ಧ ಕ್ಲಾಸು cos(2x) ಅಂತ ಬರೆದಿರುತ್ತದೆ. ಇನ್ನು ಕೆಲವರು cos(x²) ಬರೆದು ಸುಮ್ಮನಾಗುತ್ತಾರೆ.

ಈ ಸಲ ಮೊದಲ ಎರಡು ಪಿರಿಯಡ್‌ನಲ್ಲಿ ಚಿಹ್ನೆಗಳೇ ಬೇಡ ಅಂದುಕೊಂಡಿದ್ದೇನೆ. ಒಂದು ಫಂಕ್ಷನ್ ಒಳಗೆ ಇನ್ನೊಂದು ಕೂತಿರುವುದನ್ನು ಮೊದಲು ಗುರುತಿಸಲಿ. ಆಮೇಲೆ ಗೇರು. 40 ಹಲ್ಲು, 20 ಹಲ್ಲು, 10 ಹಲ್ಲಿನ ಮೂರು ಗೇರುಗಳನ್ನು ಸಾಲಾಗಿ ಕೂರಿಸುವುದು. ಮೊದಲನೆಯದು ಒಂದು ಸುತ್ತು ಹೊಡೆದರೆ ನಡುವಿನದು ಎರಡು, ಕೊನೆಯದು ನಾಲ್ಕು. ಎರಡು ಪಟ್ಟು, ಮತ್ತೆ ಎರಡು ಪಟ್ಟು. ಕೂಡುವುದಲ್ಲ, ಗುಣಿಸುವುದು ಅಂತ ಕಣ್ಣಿಗೇ ಕಾಣುತ್ತದೆ ಅಲ್ವಾ?

ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು "ಸಿಲಬಸ್ ಮುಗಿಸೋದು ಯಾರು?" ಅಂತ ಕೇಳುತ್ತಿದ್ದಾರೆ. ಅದು ಹಾಗಿರಲಿ. ನನ್ನ ಅನುಮಾನ ಬೇರೆ. ಗೇರಿನಲ್ಲಿ ಪಟ್ಟು ಬದಲಾಗುವುದೇ ಇಲ್ಲ, x² ತೆಗೆದುಕೊಂಡರೆ ಜಾಗಕ್ಕೊಂದು ಪಟ್ಟು. ಇಲ್ಲಿಂದ ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗುವುದು ಹೇಗೆ?

ಸಿಇಟಿ ಅಪ್ಪ

ಮೇಡಂ, ನನ್ನ ಮಗನೂ ಸೆಕೆಂಡ್ ಪಿಯುಸಿ. ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ. ಇದಕ್ಕೆ ಒಂದು ಸಾಲಿನ ಶಾರ್ಟ್‌ಕಟ್ ಇದ್ದರೆ ಇಲ್ಲೇ ಹಾಕಿ. ಗೇರು ತಿರುಗಿಸಿಕೊಂಡು ಕೂತರೆ ಟೈಮ್ ಸಾಕಾಗುವುದಿಲ್ಲ.

ಕೊತ್ತಂಬರಿ ಕಟ್ಟು

ಸರ್, ಅವರು ಪರೀಕ್ಷೆ ಹಾಲಿಗೆ ಗೇರು ತೆಗೆದುಕೊಂಡು ಹೋಗಿ ಅನ್ನುತ್ತಿಲ್ಲ 😄

ಪೀಣ್ಯ ಫಿಟ್ಟರ್

ಮೇಡಂ, ನಾನು ಲೆಕ್ಕದವನಲ್ಲ, ಗೇರಿನವನು. ನೀವು ಹೇಳಿದ ಜೋಡಣೆಯಲ್ಲಿ ಒಂದು ತೊಡಕಿದೆ. ಮೂರು ಗೇರನ್ನು ಒಂದೇ ಸಾಲಿನಲ್ಲಿ ಕೂರಿಸಿದರೆ ನಡುವಿನದನ್ನು ನಾವು ಐಡ್ಲರ್ ಅನ್ನುತ್ತೇವೆ. ಅದಕ್ಕೆ 20 ಹಲ್ಲಿರಲಿ, 33 ಇರಲಿ, ಕೊನೆಯದು ನಾಲ್ಕೇ ಸುತ್ತು. 40 ಭಾಗಿಸು 10, ಅಷ್ಟೇ ಲೆಕ್ಕ. ಐಡ್ಲರ್ ಇರುವುದು ತಿರುಗುವ ದಿಕ್ಕು ಬದಲಾಯಿಸೋಕೆ, ಇಲ್ಲಾ ದೂರ ತುಂಬೋಕೆ. ಚುರುಕಾದ ಹುಡುಗ ಇದ್ದರೆ ಮೊದಲ ದಿನವೇ "ಹಾಗಾದರೆ ನಡುವಿನದನ್ನು ಲೆಕ್ಕಕ್ಕೆ ಯಾಕೆ ತಗೋಬೇಕು ಮಿಸ್?" ಅಂತ ಕೇಳುತ್ತಾನೆ.

ಅದರ ಬದಲು ನಡುವಿನ ಶಾಫ್ಟ್ ಮೇಲೆ ಎರಡು ಗೇರು ಹಾಕಿ. ಹಿಡಿಕೆಯ ಶಾಫ್ಟ್‌ನಲ್ಲಿ 40 ಹಲ್ಲು. ಅದು ನಡುವಿನ ಶಾಫ್ಟ್‌ನ 20 ಹಲ್ಲನ್ನು ತಿರುಗಿಸುತ್ತದೆ. ಅದೇ ಶಾಫ್ಟ್ ಮೇಲೆ ಇನ್ನೊಂದು, 45 ಹಲ್ಲಿನದು. ಅದು ಕೊನೆಯ ಶಾಫ್ಟ್‌ನ 15 ಹಲ್ಲನ್ನು ತಿರುಗಿಸುತ್ತದೆ. ಹಿಡಿಕೆ ಒಂದು ಸುತ್ತು, ನಡು ಎರಡು, ಕೊನೆ ಆರು. ಇಲ್ಲಿ ಯಾವ ಹಲ್ಲೂ ಹೊಡೆದು ಹೋಗುವುದಿಲ್ಲ. ಎರಡೂ ಜೋಡಿಯನ್ನು ನೋಡಲೇಬೇಕು. ಲೇತ್ ಒಳಗೂ ಹೀಗೇ ಇರುತ್ತದೆ.

ಲೆಕ್ಕದ ಟೀಚರ್, ಬಸವನಗುಡಿ

ಇದು ಬಹಳ ಚೆನ್ನಾಗಿದೆ ಅಣ್ಣ. ನಡುವಿನ ಶಾಫ್ಟೇ ನನ್ನ u. ಗೇರುಗಳಿಗೆ ಹೆಸರು ಕೊಡೋದು ಬೇಡ, ಮೂರು ಶಾಫ್ಟ್‌ಗೆ ಹೆಸರು ಕೊಟ್ಟರೆ ಸಾಕು.

ಜಯನಗರ ನಾಲ್ಕನೇ ಬ್ಲಾಕ್

ಎಂಜಿನಿಯರಿಂಗ್ ಮೂರನೇ ಸೆಮ್ ವಿದ್ಯಾರ್ಥಿ ಇಲ್ಲಿ. ಇಷ್ಟೆಲ್ಲಾ ಯಾಕೆ? ಮೇಲೊಂದು du, ಕೆಳಗೊಂದು du, ಹೊಡೆದು ಹಾಕಿದರೆ dy/dx. ಅದೇ ಪ್ರೂಫ್. ನಂಬಿಕೆ ಬರದವರಿಗೆ sin(x²) ತೆಗೆದುಕೊಂಡು x = 1 ಹಾಕಿ ಫೋನಿನಲ್ಲಿ ಲೆಕ್ಕ ಮಾಡಿ ತೋರಿಸಿ. 2·cos 1, ಅಂದರೆ ಸುಮಾರು 1.08 ಬರುತ್ತದೆ. ಮುಗೀತು.

ಹಳೇ ಮೇಷ್ಟ್ರು

ಲೆಕ್ಕ ಮಾಡಿ ತೋರಿಸಬೇಕು ಅನ್ನುವುದು ಸರಿ ಮರಿ. ಆದರೆ x = 1 ಬೇಡ. 1ರ ವರ್ಗವೂ 1. ಹುಡುಗ ತಪ್ಪಾಗಿ cos x · 2x ಅಂತ ಬರೆದರೂ ಅಲ್ಲಿ ಅದೇ 1.08 ಬರುತ್ತದೆ. ಯಾವ ತಪ್ಪನ್ನು ಹಿಡಿಯಬೇಕೋ ಅದೇ ತಪ್ಪಿಸಿಕೊಳ್ಳುತ್ತದೆ. ಒಳಗೆ ಹೋದ ಸಂಖ್ಯೆ ಮತ್ತು ಹೊರಗೆ ಬಂದ ಸಂಖ್ಯೆ ಬೇರೆ ಬೇರೆ ಇರುವ ಜಾಗ ಆರಿಸಬೇಕು.

ಮೇಡಂ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಗೇರಿನ ಚಿತ್ರ ಒಂದೇ ಒಂದು ವಿಷಯ ಹೇಳುತ್ತದೆ: ಪಟ್ಟುಗಳು ಗುಣಿಸಿಕೊಳ್ಳುತ್ತವೆ. ಎರಡನೇ ಪಟ್ಟನ್ನು ಎಲ್ಲಿ ನಿಂತು ಅಳೆಯಬೇಕು ಅನ್ನುವುದನ್ನು ಹೇಳುವುದಿಲ್ಲ. ದುಂಡು ಗೇರಿನಲ್ಲಿ ಎಲ್ಲಿ ಅಳೆದರೂ ಒಂದೇ, ಹಾಗಾಗಿ ಆ ಪ್ರಶ್ನೆಯೇ ಏಳುವುದಿಲ್ಲ. ಆದರೆ ಮಕ್ಕಳು ಎಡವುವುದು ಅಲ್ಲೇ.

ಅದಕ್ಕೆ ನಾನು ಗೇರು ಆದಮೇಲೆ ಒಂದು ಸಣ್ಣ ಪಟ್ಟಿ ಹಾಕಿಸುತ್ತಿದ್ದೆ. (x² + 1)³ ತೆಗೆದುಕೊಳ್ಳಿ, x = 3 ಅನ್ನಿ. ಮೂರು ಕಂಬಸಾಲು: x, u, y. ಮೊದಲ ಸಾಲು 3, 10, 1000. ಈಗ x ಅನ್ನು ಒಂಚೂರು ತಳ್ಳಿ, 3.01 ಮಾಡಿ. u ಆಗುತ್ತದೆ 10.0601. y ಆಗುತ್ತದೆ ಸುಮಾರು 1018.14.

ಇನ್ನು ಪಟ್ಟು ಕೇಳಿ. x 0.01 ಸರಿದಾಗ u 0.0601 ಸರಿಯಿತು, ಹತ್ತಿರಹತ್ತಿರ 6 ಪಟ್ಟು. u 0.0601 ಸರಿದಾಗ y 18.14 ಸರಿಯಿತು, ಅದು ಹೆಚ್ಚುಕಡಿಮೆ 302 ಪಟ್ಟು. ಒಟ್ಟು ಸುಮಾರು 1814. ತಳ್ಳುವುದನ್ನು 0.001ಕ್ಕೆ ಇಳಿಸಿದರೆ ಒಟ್ಟು 1801.4 ಬರುತ್ತದೆ. 1800ರ ಕಡೆ ಹೋಗುತ್ತಿದೆ ಅಂತ ಮಕ್ಕಳೇ ಹೇಳುತ್ತಾರೆ. 300 ಸಲ 6.

ಈಗ ಕೇಳಬೇಕಾದ ಪ್ರಶ್ನೆ: ಈ 300 ಎಲ್ಲಿಂದ ಬಂತು? ಘನದ ಪಟ್ಟು "ಮೂರು ಸಲ ವರ್ಗ" ಅಂತ ಅವರಿಗೆ ಗೊತ್ತು. 3ರ ವರ್ಗ ಹಾಕಿದರೆ 27 ಬರುತ್ತದೆ, 10ರ ವರ್ಗ ಹಾಕಿದರೆ 300. ಘನ ಮಾಡುವ ಹಂತಕ್ಕೆ 3 ಅನ್ನುವುದು ಗೊತ್ತೇ ಇಲ್ಲ. ಅದರ ಕೈಗೆ ಬಂದಿದ್ದು 10. ಇಷ್ಟು ಹೊಳೆದರೆ ಚೈನ್ ರೂಲ್ ಮುಕ್ಕಾಲು ಭಾಗ ಮುಗಿದಂತೆ.

ಇದೇ ಪಟ್ಟಿಯಲ್ಲಿ ತಪ್ಪುಗಳಿಗೂ ಬೇರೆ ಬೇರೆ ಮುಖ ಇದೆ. ಒಳಗಿನದನ್ನು ಮರೆತವನಿಗೆ 300 ಬರುತ್ತದೆ. ಹೊರಗಿನದನ್ನು 3ರಲ್ಲಿ ಅಳೆದವನಿಗೆ 27 ಸಲ 6, ಅಂದರೆ 162. ಒಳಗೂ ಹೊರಗೂ ಒಟ್ಟಿಗೆ ಡೆರಿವೇಟಿವ್ ಹಾಕಿ 3(2x)² ಬರೆದವನಿಗೆ 108. ಉತ್ತರ ನೋಡಿಯೇ ಹುಡುಗ ಎಲ್ಲಿ ಜಾರಿದ ಅಂತ ಹೇಳಬಹುದು. ನಿಮ್ಮ cos(2x) ಗಿರಾಕಿಗಳು ಈ 108ರ ಗುಂಪಿನವರು.

ಕೊತ್ತಂಬರಿ ಕಟ್ಟು

"ಘನ ಮಾಡುವ ಹಂತಕ್ಕೆ 3 ಅನ್ನುವುದು ಗೊತ್ತೇ ಇಲ್ಲ." ಇದನ್ನು ನನ್ನ ಕಾಲದಲ್ಲಿ ಯಾರಾದರೂ ಹೇಳಿದ್ದರೆ ನಾನು ಕಾಮರ್ಸ್‌ಗೆ ಹೋಗುತ್ತಿರಲಿಲ್ಲ.

ಜಯನಗರ ನಾಲ್ಕನೇ ಬ್ಲಾಕ್

ಮೇಷ್ಟ್ರೇ, x = 1 ವಿಷಯ ಒಪ್ಪಿದೆ. ಆದರೆ du ಹೊಡೆದು ಹಾಕುವುದರಲ್ಲಿ ಏನು ತಪ್ಪು? ನಮ್ಮ ಲೆಕ್ಚರರ್ ಕೂಡ ಹಾಗೇ ಮಾಡುತ್ತಾರೆ.

ಹಳೇ ಮೇಷ್ಟ್ರು

ನೆನಪಿಡೋಕೆ ಒಳ್ಳೆಯದು, ಪ್ರೂಫ್ ಅಲ್ಲ. ಹೊಡೆಯಬೇಕಾದರೆ ಅದರಿಂದ ಭಾಗಿಸಿರಬೇಕು. x ಸರಿದರೂ u ಸರಿಯದೆ ಅಲ್ಲೇ ನಿಂತರೆ? ಸೊನ್ನೆಯಿಂದ ಭಾಗಿಸಿದಂತಾಯಿತು. x² sin(1/x) ಅಂಥ ಫಂಕ್ಷನ್ ತೆಗೆದುಕೊಂಡು 0ಯಲ್ಲಿ ಬೆಲೆ 0 ಅಂತ ಇಟ್ಟರೆ, 0ಗೆ ಎಷ್ಟು ಹತ್ತಿರ ಹೋದರೂ ಅದು ಮತ್ತೆ ಮತ್ತೆ 0 ಆಗುತ್ತಲೇ ಇರುತ್ತದೆ. ಅಲ್ಲಿ ನಿನ್ನ ಪ್ರೂಫ್ ನಿಲ್ಲುವುದಿಲ್ಲ. ರೂಲ್ ಮಾತ್ರ ಸರಿಯಾಗೇ ಇರುತ್ತದೆ. ಅದನ್ನು ಬೇರೆ ದಾರಿಯಲ್ಲಿ ಸಾಧಿಸುತ್ತಾರೆ, ಭಾಗಾಕಾರ ಇಲ್ಲದೆ.

ಗಾಂಧಿಬಜಾರ್ ಕಾಫಿ

ಪಿಯುಸಿ ಮಕ್ಕಳಿಗೆ ಇದೆಲ್ಲಾ ಹೇಳಿದರೆ ಕ್ಲಾಸು ಖಾಲಿಯಾಗುತ್ತದೆ ಸಾರ್.

ಹಳೇ ಮೇಷ್ಟ್ರು

ಅವರಿಗೆ ಹೇಳಿ ಅನ್ನಲಿಲ್ಲ. ಟೀಚರ್‌ಗೆ ಗೊತ್ತಿರಲಿ. "ಹೊಡೆದು ಹಾಕಿದೆವು, ಪ್ರೂಫ್ ಆಯಿತು" ಅಂತ ಹೇಳದಿದ್ದರೆ ಸಾಕು.

ವಿಜಯನಗರ ಟ್ಯೂಷನ್

ನಾನು ಇದಕ್ಕೆ ಒಪ್ಪುವುದಿಲ್ಲ. ಮಕ್ಕಳಿಗೆ ಸಮಸ್ಯೆ ಪಟ್ಟಿನದ್ದಲ್ಲ, ಗುರುತಿಸುವುದರದ್ದು. ಒಳಗಿರುವುದು ಯಾವುದು, ಹೊರಗಿರುವುದು ಯಾವುದು ಅಂತಲೇ ಗೊತ್ತಾಗುವುದಿಲ್ಲ. sin(x²) ಮತ್ತು sin²x ಎರಡನ್ನೂ ಪಕ್ಕಪಕ್ಕ ಬರೆದು ಕೇಳಿ ನೋಡಿ. ಎರಡಕ್ಕೂ "ಸೈನ್ ಹೊರಗೆ, ಸ್ಕ್ವೇರ್ ಒಳಗೆ" ಅನ್ನುತ್ತಾರೆ. ಬರೆದಿರುವುದು ಎಡದಿಂದ ಬಲಕ್ಕೆ ಹಾಗೇ ಕಾಣುತ್ತದಲ್ಲ.

ನಾನು ಮಾಡುವುದು ಇಷ್ಟು. x ಜಾಗದಲ್ಲಿ ಒಂದು ಸಂಖ್ಯೆ ಇಟ್ಟು, ಕ್ಯಾಲ್ಕುಲೇಟರ್‌ನಲ್ಲಿ ಯಾವ ಗುಂಡಿ ಯಾವಾಗ ಒತ್ತುತ್ತೀರಿ ಅಂತ ಬಾಯಲ್ಲಿ ಹೇಳಿಸುತ್ತೇನೆ. sin(x²)ಗೆ ಮೊದಲು ವರ್ಗ, ಕೊನೆಗೆ ಸೈನ್. sin²xಗೆ ಮೊದಲು ಸೈನ್, ಕೊನೆಗೆ ವರ್ಗ. ಕೊನೆಯಲ್ಲಿ ಒತ್ತಿದ್ದೇ ಹೊರಗಿನದು. ಡೆರಿವೇಟಿವ್ ಬಿಚ್ಚುವುದು ಅಲ್ಲಿಂದ. ಗೇರು ಆಮೇಲೆ ಬರಲಿ, ಬರದಿದ್ದರೂ ನಡೆಯುತ್ತದೆ.

ಲೆಕ್ಕದ ಟೀಚರ್, ಬಸವನಗುಡಿ

ಗುಂಡಿ ಒತ್ತುವ ಕ್ರಮ ನನಗೆ ಹಿಡಿಸಿತು. ಆದರೆ ಗೇರು ಬಿಟ್ಟರೆ ಗುಣಿಸುವುದು ಯಾಕೆ ಅಂತ ಎಲ್ಲಿ ಬರುತ್ತದೆ? ಹೊರಗಿನದು, ಒಳಗಿನದು ಎರಡನ್ನೂ ಸರಿಯಾಗಿ ಗುರುತಿಸಿ ನಡುವೆ ಪ್ಲಸ್ ಹಾಕಿದವರನ್ನು ನೋಡಿದ್ದೇನೆ.

ವಿಜಯನಗರ ಟ್ಯೂಷನ್

ಅದೂ ಇದೆ. ಪ್ರಾಡಕ್ಟ್ ರೂಲ್ ಹಿಂದಿನ ವಾರ ಆಗಿರುತ್ತದೆ, ಎರಡೂ ಕಲಸಿಹೋಗುತ್ತವೆ.

ಮಲ್ಲೇಶ್ವರಂ ಅಮ್ಮ

ಮೇಷ್ಟ್ರ ಪಟ್ಟಿಯನ್ನು ಮಗಳ ಜೊತೆ ಕೂತು sin(x²)ಗೆ ಮಾಡಿದೆ. x = 2 ಇಟ್ಟೆವು. ರೂಲ್ ಪ್ರಕಾರ 4·cos 4, ಅಂದರೆ −2.61 ಬರಬೇಕು ಅಂತ ಅವಳು ಹೇಳುತ್ತಾಳೆ. ಫೋನಿನಲ್ಲಿ ತಳ್ಳಿ ನೋಡಿದರೆ 0.07 ಬರುತ್ತಿದೆ. ಮೈನಸ್ ಕೂಡ ಇಲ್ಲ! ಎಷ್ಟು ಚಿಕ್ಕದಾಗಿ ತಳ್ಳಿದರೂ ಅಷ್ಟೇ. ರೂಲೇ ಸರಿ ಇಲ್ಲವಾ?

ಜಯನಗರ ನಾಲ್ಕನೇ ಬ್ಲಾಕ್

ಆಂಟಿ, ಫೋನ್ ಡಿಗ್ರಿಯಲ್ಲಿದೆ. ರೇಡಿಯನ್‌ಗೆ ಹಾಕಿ.

ಮಲ್ಲೇಶ್ವರಂ ಅಮ್ಮ

ಹಾಕಿದೆ. −2.61 ಬಂತು. ಥ್ಯಾಂಕ್ಸ್ ಕಣಪ್ಪಾ. ಆದರೆ ಡಿಗ್ರಿಯಲ್ಲಿ 0.07 ಯಾಕೆ?

ಹಳೇ ಮೇಷ್ಟ್ರು

ಅಮ್ಮಾ, ಒಳ್ಳೆಯ ಪ್ರಶ್ನೆ. ಡಿಗ್ರಿಯಲ್ಲಿ ಇಟ್ಟರೆ ನಿಮಗೆ ಗೊತ್ತಾಗದ ಹಾಗೆ ನಡುವೆ ಇನ್ನೊಂದು ಜೋಡಿ ಗೇರು ಸೇರಿಕೊಳ್ಳುತ್ತದೆ. ಫೋನು ಮೊದಲು ನಿಮ್ಮ 4 ಅನ್ನು π/180ರಿಂದ ಗುಣಿಸುತ್ತದೆ, ಆಮೇಲೆ ಸೈನ್ ಹಾಕುತ್ತದೆ. ಆ ಹೊಸ ಜೋಡಿಯ ಪಟ್ಟು 0.01745. ಸೈನ್‌ನ ಪಟ್ಟನ್ನು ಈಗ 4 ಡಿಗ್ರಿಯಲ್ಲಿ ಅಳೆಯುತ್ತೇವೆ, ಅದು 1ಕ್ಕೆ ಬಹಳ ಹತ್ತಿರ. ವರ್ಗದ ಪಟ್ಟು ಮೊದಲಿನ ಹಾಗೇ 4. ಮೂರನ್ನೂ ಗುಣಿಸಿ, 0.07. ನಿಮ್ಮ ಫೋನು ಮೂರು ಹಂತದ ಚೈನ್ ರೂಲನ್ನೇ ಮಾಡಿ ತೋರಿಸಿದೆ. ಮೇಡಂ, ಇದನ್ನು ಕ್ಲಾಸಿನಲ್ಲಿ ಬೇಕಂತಲೇ ಮಾಡಿಸಬಹುದು.

ರಾಜಾಜಿನಗರ 1978

ನಮ್ಮ ತಂದೆ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದರು. ಗೇರು ಅಂದಾಗ ನೆನಪಾಯಿತು. ಕೈಗಡಿಯಾರದ ದೊಡ್ಡ ಮುಳ್ಳು 12 ಸುತ್ತು ಹೊಡೆದರೆ ಚಿಕ್ಕ ಮುಳ್ಳು ಒಂದು. ಸೆಕೆಂಡ್ ಮುಳ್ಳು 60 ಸುತ್ತಿಗೆ ದೊಡ್ಡದು ಒಂದು. ಅಂದರೆ ಸೆಕೆಂಡ್ ಮುಳ್ಳು 720 ಸುತ್ತಿದಾಗ ಗಂಟೆ ಮುಳ್ಳು ಒಂದು ಸುತ್ತು. ಇದೂ ಅದೇ ಅಲ್ವಾ? ಮನೆಯಲ್ಲಿ ಇವತ್ತಿಗೂ ಕೀಲಿ ಕೊಡುವ ವಾಚ್ ಒಂದಿದೆ, ಓಡುತ್ತಿದೆ.

ಗಾಂಧಿಬಜಾರ್ ಕಾಫಿ

ಯಾವ ಮಾಡೆಲ್ ಸಾರ್? ಫೋಟೋ ಹಾಕಿ. ನಮ್ಮ ತಾತನದ್ದು ಎಲ್ಲೋ ಬೀರುವಿನಲ್ಲಿದೆ.

ಕೊತ್ತಂಬರಿ ಕಟ್ಟು

ಇನ್ನು ಈ ಥ್ರೆಡ್ ವಾಚ್ ಕಡೆ ಹೋಯಿತು ಅಂತ ಲೆಕ್ಕ.

ಪೀಣ್ಯ ಫಿಟ್ಟರ್

ವಾಚ್‌ಗೆ ಆಮೇಲೆ ಬನ್ನಿ. ಮೇಡಂ ಮೊದಲು ಕೇಳಿದ್ದು ಪಟ್ಟು ಬದಲಾಗುವ ಗೇರಿನ ಬಗ್ಗೆ. ಅಂಥದ್ದು ಇದೆಯಲ್ಲ! ಎಣ್ಣೆ ಅಳೆಯುವ ಕೆಲವು ಫ್ಲೋ ಮೀಟರ್ ಬಿಚ್ಚಿದರೆ ಒಳಗೆ ಮೊಟ್ಟೆ ಆಕಾರದ ಎರಡು ಗೇರು ಇರುತ್ತವೆ. ಒಂದನ್ನು ಸಮವಾಗಿ ತಿರುಗಿಸಿದರೂ ಇನ್ನೊಂದು ಒಮ್ಮೆ ಜೋರಾಗಿ, ಒಮ್ಮೆ ನಿಧಾನವಾಗಿ ತಿರುಗುತ್ತದೆ. ಎಸ್‌ಪಿ ರೋಡ್‌ನಲ್ಲಿ ದುಂಡು ಪ್ಲಾಸ್ಟಿಕ್ ಗೇರು ಸಿಗಬಹುದು, ಇದನ್ನು ಹುಡುಕೋದು ಕಷ್ಟ.

ಹಳೇ ಮೇಷ್ಟ್ರು

ಫಿಟ್ಟರ್ ಅವರೇ, ಮೇಡಂ ಪ್ರಶ್ನೆಗೆ ಅರ್ಧ ಉತ್ತರ ನೀವೇ ಕೊಟ್ಟಿರಿ. ನಿಮ್ಮ ಮೂರು ಶಾಫ್ಟ್ ಜೋಡಣೆಯನ್ನೇ ಇಟ್ಟುಕೊಳ್ಳೋಣ. ಮೊದಲ ಜೋಡಿ ದುಂಡಗೇ ಇರಲಿ. ಎರಡನೇ ಜೋಡಿ ಮಾತ್ರ ಮೊಟ್ಟೆ ಆಕಾರದ್ದು. ಈಗ ಎರಡನೇ ಜೋಡಿಯ ಪಟ್ಟು ಈ ಗಳಿಗೆಯಲ್ಲಿ ಎಷ್ಟು ಅಂತ ಹೇಳಬೇಕಾದರೆ ಯಾವುದನ್ನು ನೋಡಬೇಕು? ನಡುವಿನ ಶಾಫ್ಟ್ ಯಾವ ಕೋನದಲ್ಲಿ ನಿಂತಿದೆ ಅನ್ನುವುದನ್ನು. ಹಿಡಿಕೆ ಎಲ್ಲಿದೆ ಅಂತ ನೋಡಿ ಓದಿದರೆ ತಪ್ಪು ಉತ್ತರ. ಹೊರಗಿನದನ್ನು xನಲ್ಲಲ್ಲ, uನಲ್ಲಿ ಅಳೆಯಬೇಕು ಅನ್ನುವುದು ಇಲ್ಲಿ ಕೈಗೇ ಸಿಗುತ್ತದೆ.

ರಟ್ಟಿನಲ್ಲಿ ಮಾಡಬಹುದು. ಎರಡು ಗುಂಡುಸೂಜಿಯನ್ನು 4 ಸೆಂ.ಮೀ. ದೂರದಲ್ಲಿ ಚುಚ್ಚಿ, 14 ಸೆಂ.ಮೀ. ಸುತ್ತಳತೆಯ ದಾರದ ಕುಣಿಕೆ ಹಾಕಿ, ಪೆನ್ಸಿಲ್ ಬಿಗಿಯಾಗಿ ಹಿಡಿದು ಸುತ್ತ ಎಳೆದರೆ ಎಲಿಪ್ಸ್ ಬರುತ್ತದೆ, ಉದ್ದ 10 ಸೆಂ.ಮೀ. ಇಂಥವು ಎರಡು ಬೇಕು. ಪ್ರತಿಯೊಂದನ್ನೂ ನಡುಮಧ್ಯಕ್ಕಲ್ಲ, ಒಂದು ಸೂಜಿಯ ತೂತಿಗೆ ಸಿಕ್ಕಿಸಿ. ಎರಡು ಸಿಕ್ಕಿಸಿದ ಜಾಗಗಳ ನಡುವೆ 10 ಸೆಂ.ಮೀ. ಇರಲಿ. ತಿರುಗಿಸುವಾಗ ಎರಡೂ ಒಂದನ್ನೊಂದು ತಾಗಿಕೊಂಡೇ ಇರುತ್ತವೆ. ತಿರುಗಿಸುವ ರಟ್ಟಿನ ಉದ್ದದ ತುದಿ ತಾಗುವಾಗ ಅಲ್ಲಿ 7 ಸೆಂ.ಮೀ., ಎದುರು 3 ಸೆಂ.ಮೀ. ಪಟ್ಟು 7/3. ಅರ್ಧ ಸುತ್ತು ಆದಮೇಲೆ 3/7.

ಪೀಣ್ಯ ಫಿಟ್ಟರ್

ಹಲ್ಲಿಲ್ಲದ ರಟ್ಟು ಜಾರುತ್ತದೆ ಮೇಷ್ಟ್ರೇ. ಅರ್ಧ ಸುತ್ತು ತಳ್ಳುತ್ತದೆ, ಇನ್ನರ್ಧಕ್ಕೆ ತಳ್ಳುವುದೇ ಇಲ್ಲ, ಬಿಟ್ಟುಕೊಂಡು ಹೋಗುತ್ತದೆ.

ಹಳೇ ಮೇಷ್ಟ್ರು

ಖಾಲಿ ಉಳಿದ ಎರಡು ಸೂಜಿ ತೂತಿಗೆ 10 ಸೆಂ.ಮೀ. ಅಂತರದಲ್ಲಿ ತೂತಿರುವ ಒಂದು ಪಟ್ಟಿ ಸಿಕ್ಕಿಸಿ. ಆ ಎರಡು ತೂತಿನ ದೂರ ಯಾವಾಗಲೂ ಅಷ್ಟೇ ಇರುತ್ತದೆ. ಪಟ್ಟಿಯೇ ಎಳೆದುಕೊಂಡು ಹೋಗುತ್ತದೆ.

ಪೀಣ್ಯ ಫಿಟ್ಟರ್

ರಾತ್ರಿ ಪ್ಯಾಕಿಂಗ್ ರಟ್ಟಿನಲ್ಲಿ ಕತ್ತರಿಸಿ ನೋಡಿದೆ. ನಡೆಯುತ್ತದೆ! ಎಲ್ಲಾ ತೂತೂ ಒಂದೇ ಗೆರೆಗೆ ಬಂದಾಗ ಮಾತ್ರ ಸಿಕ್ಕಿಕೊಳ್ಳುತ್ತದೆ, ಕೆಲವು ಸಲ ಉಲ್ಟಾ ಕಡೆ ಹೋಗಿಬಿಡುತ್ತದೆ. ಆ ಜಾಗದಲ್ಲಿ ಬೆರಳಿನಿಂದ ಒಂಚೂರು ದೂಡಬೇಕು. ಇನ್ನೊಂದು ವಿಷಯ, ಎರಡು ಗೇರು ತಾಗಿದರೆ ಒಂದರ ದಿಕ್ಕಿಗೆ ಇನ್ನೊಂದು ವಿರುದ್ಧ. ಮಕ್ಕಳು ಕೇಳುತ್ತಾರೆ.

ಲೆಕ್ಕದ ಟೀಚರ್, ಬಸವನಗುಡಿ

ಕೇಳಲಿ ಅಣ್ಣ. ಉಲ್ಟಾ ತಿರುಗಿದರೆ ಮೈನಸ್ ಅನ್ನುತ್ತೇನೆ. ನಿಮ್ಮ ಮೂರು ಶಾಫ್ಟ್‌ನಲ್ಲಿ −2 ಸಲ −3, ಒಟ್ಟು +6. ಹಿಡಿಕೆ ಮತ್ತು ಕೊನೆಯ ಶಾಫ್ಟ್ ಒಂದೇ ದಿಕ್ಕಿಗೆ ತಿರುಗುವುದನ್ನು ನೋಡಿದರೆ ಗೊತ್ತಾಗುತ್ತದೆ.

ಹೀಗೆ ಮಾಡುತ್ತೇನೆ: ಮೊದಲ ಪಿರಿಯಡ್ ಗುಂಡಿ ಒತ್ತುವ ಕ್ರಮ, ಆಮೇಲೆ ಮೂರು ಶಾಫ್ಟ್. ಎರಡನೆಯದರಲ್ಲಿ 3, 10, 1000ರ ಪಟ್ಟಿ, ಜೊತೆಗೆ ರಟ್ಟು. ಮೂರನೇ ದಿನ dy/du.

ವಿಜಯನಗರ ಟ್ಯೂಷನ್

ಪರೀಕ್ಷೆಯಲ್ಲಿ "u = ... ಎಂದಿರಲಿ" ಅಂತ ಬರೆಯದೆ ನೇರ ಉತ್ತರ ಬರೆದರೆ ಹಂತದ ಅಂಕ ಹೋಗಬಹುದು. ಅದನ್ನು ಕೊನೆಗೆ ತಳ್ಳಿದರೆ ಅಭ್ಯಾಸ ಆಗುವುದಿಲ್ಲ. ನಾನಾದರೆ ಮೊದಲ ದಿನವೇ u ಅಕ್ಷರ ಬಳಸುತ್ತೇನೆ.

ಲೆಕ್ಕದ ಟೀಚರ್, ಬಸವನಗುಡಿ

u ಅಕ್ಷರ ಮೊದಲ ದಿನವೇ ಬರುತ್ತದೆ, ನಡುವಿನ ಶಾಫ್ಟ್ ಮೇಲೆ ಬರೆದಿರುತ್ತದೆ. ಬರದೇ ಇರುವುದು d ಮಾತ್ರ.

ವಿಜಯನಗರ ಟ್ಯೂಷನ್

ಎರಡು ದಿನ d ಇಲ್ಲದೆ... ನನಗೆ ಇನ್ನೂ ಜಾಸ್ತಿ ಅನ್ನಿಸುತ್ತದೆ. ನಿಮ್ಮ ಕ್ಲಾಸು, ನಿಮ್ಮಿಷ್ಟ.

ಸೆಕೆಂಡ್ ಪಿಯು ಹುಡುಗಿ

ಒಂದು ಡೌಟ್. ಗುಂಡಿ ಒತ್ತುವ ಕ್ರಮದಲ್ಲಿ xˣ ನೋಡಿದರೆ ಒಳಗಿನದು ಯಾವುದು? ಒಂದೇ ಗುಂಡಿ, ಆದರೆ x ಎರಡು ಕಡೆ ಇದೆ.

ಹಳೇ ಮೇಷ್ಟ್ರು

ಅಲ್ಲಿ ಈ ಚಿತ್ರ ಸಾಲದು ಮಗಳೇ. ಚೈನ್ ರೂಲ್‌ನಲ್ಲಿ ಹಿಡಿಕೆ ಒಂದು ಶಾಫ್ಟನ್ನು ತಿರುಗಿಸುತ್ತದೆ, ಅದು ಮುಂದಿನದನ್ನು. xˣನಲ್ಲಿ ಒಂದೇ ಹಿಡಿಕೆ ಎರಡು ಶಾಫ್ಟನ್ನು ಒಟ್ಟಿಗೆ ತಿರುಗಿಸುತ್ತಿದೆ, ಕೆಳಗಿನ x ಒಂದು, ಮೇಲಿನ x ಒಂದು. ಮೇಲಿನದನ್ನು ಹಿಡಿದು ನಿಲ್ಲಿಸಿ ಕೆಳಗಿನದನ್ನು ಮಾತ್ರ ಸರಿಸಿದರೆ xˣ ಬರುತ್ತದೆ. ಕೆಳಗಿನದನ್ನು ನಿಲ್ಲಿಸಿ ಮೇಲಿನದನ್ನು ಸರಿಸಿದರೆ xˣ ln x. ಇವೆರಡನ್ನು ಕೂಡಬೇಕು, ಗುಣಿಸುವ ಹಾಗಿಲ್ಲ. ನಿಮ್ಮ ಪುಸ್ತಕದಲ್ಲಿ ಲಾಗ್ ತೆಗೆದುಕೊಂಡು ಇದನ್ನೇ ಮಾಡುತ್ತಾರೆ.

ಪೀಣ್ಯ ಫಿಟ್ಟರ್

ಎರಡು ಶಾಫ್ಟ್‌ನ ತಿರುಗಾಟ ಕೂಡುವ ಗೇರೂ ಇದೆ. ಕಾರಿನ ಹಿಂದಿನ ಆಕ್ಸಲ್‌ನಲ್ಲಿರುವ ಡಿಫರೆನ್ಷಿಯಲ್. ಎರಡು ಚಕ್ರದ ಸುತ್ತು ಕೂಡಿಸಿ ಅರ್ಧ ಮಾಡಿದರೆ ಅದರ ಗೂಡಿನ ಸುತ್ತು.

ಲೆಕ್ಕದ ಟೀಚರ್, ಬಸವನಗುಡಿ

ಅಣ್ಣ, ಹಳೇ ಡಿಫರೆನ್ಷಿಯಲ್ ಒಂದು ಗುಜರಿಯಲ್ಲಿ ಎಷ್ಟಕ್ಕೆ ಸಿಗಬಹುದು? ಮತ್ತೆ ಅದನ್ನು ಎರಡನೇ ಮಹಡಿಗೆ ಹೊತ್ತುಕೊಂಡು ಬರೋಕೆ ಎಷ್ಟು ಜನ ಬೇಕು?